‘ಇದ್ನ ಹೀಗೆ ತಿರುಗಿಸಿ’: ವಿಡಿಯೊ ಕಳೆದುಕೊಂಡ ಮೇಲೆ ಉಳಿದ ಮಾತಿನಿಂದ ಉತ್ತರ ಹುಡುಕಿದ್ದು

ಮಲ್ಪೆ ಬಂದರಿನ ಹತ್ತಿರ ನನ್ನ ಮಾವನ ಒಂದು ಶೆಡ್ ಉಂಟು. ನಾಡದೋಣಿಗಳ ಹಿಂಬದಿಗೆ ಕಟ್ಟುವ ಔಟ್‌ಬೋರ್ಡ್ ಎಂಜಿನ್ ರಿಪೇರಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆಗೆ ನಿಷೇಧ, ದೊಡ್ಡ ಬೋಟುಗಳೆಲ್ಲ ದಡದಲ್ಲಿರುತ್ತವೆ. ಆದರೆ 10 ಅಶ್ವಶಕ್ತಿಯವರೆಗಿನ ಎಂಜಿನ್ ಕಟ್ಟಿದ ನಾಡದೋಣಿ ಆಗಲೂ ನೀರಿಗಿಳಿಯಬಹುದು. ಹಾಗಾಗಿ ಮಳೆಗಾಲದಲ್ಲಿ ಊರೆಲ್ಲ ರಜೆಯಲ್ಲಿದ್ದರೂ ಮಾವನ ಶೆಡ್ಡಿಗೆ ರಜೆ ಇಲ್ಲ. ಎರಡು ವರ್ಷದ ಹಿಂದೆ, ಇನ್ನು ಮುಂಬೈಯಲ್ಲಿ ಮಗಳ ಮನೆಗೆ ಹೋಗುವುದೆಂದು ನಿಶ್ಚಯವಾದಾಗ, ಶೆಡ್ಡಿನ ಹುಡುಗರಿಗಾಗಿ ಅವರು ಕೆಲಸ ಮಾಡುವುದನ್ನೇ ಫೋನಿನಲ್ಲಿ ಹಿಡಿದಿಟ್ಟಿದ್ದೆವು. ಒಟ್ಟು ಹದಿನಾಲ್ಕು ವಿಡಿಯೊ.

ಆ ಫೋನು ದೋಣಿ ನಿಲ್ಲುವ ಧಕ್ಕೆಯಿಂದ ನೀರಿಗೆ ಬಿತ್ತು. ಬೇರೆ ಪ್ರತಿ ಇರಲಿಲ್ಲ. ನನ್ನ ಲ್ಯಾಪ್‌ಟಾಪಿನಲ್ಲಿ ಉಳಿದದ್ದು ಬರಹ ಮಾತ್ರ. ಮೊದಲೇ ವಿಸ್ಪರ್ ಎಂಬ ತಂತ್ರಾಂಶದಲ್ಲಿ ಧ್ವನಿಯನ್ನು ಅಕ್ಷರಕ್ಕೆ ಇಳಿಸಿದ್ದೆ, ಜಾಗ ಸಾಲದೆಂದು ಧ್ವನಿ ಕಡತಗಳನ್ನು ನಾನೇ ಅಳಿಸಿದ್ದೆ. ಅದಕ್ಕೆ ಯಾರನ್ನೂ ಬೈಯುವ ಹಾಗಿಲ್ಲ. ಒಂದು ಪುಣ್ಯ ಏನೆಂದರೆ, ಬೇರೆ ಹೇಳದಿದ್ದರೆ ವಿಸ್ಪರ್ ಸಾಲುಸಾಲಿಗೆ ಹೊತ್ತು ಹಾಕಿದ `.srt` ಕಡತ ಒಂದನ್ನೇ ಬರೆಯುವುದಿಲ್ಲ, ಜೊತೆಗೆ ಪ್ರತಿ ಸಾಲಿನ ಬೇರೆ ಅಂಕಿಗಳಿರುವ `.json` ಕೂಡ ಬರೆದಿಡುತ್ತದೆ. ಅದು ಆಮೇಲೆ ಕೆಲಸಕ್ಕೆ ಬಂತು.

ಈ ಜೂನಿನಲ್ಲಿ ಹುಡುಗರು ಒಂದು ನೋಟ್‌ಬುಕ್ ಕೊಟ್ಟರು. ಆರನೇ ವಿಡಿಯೊ ಬಗ್ಗೆ 31 ಪ್ರಶ್ನೆ. ಆ ವಿಡಿಯೊದಲ್ಲಿ ಮಾವ ಎಂಜಿನ್ನಿನ ಕೆಳಗಿನ ಗೇರ್ ಕೇಸ್ ಬಿಚ್ಚಿ, ತಣ್ಣೀರು ಎಳೆಯುವ ಪಂಪಿನ ಇಂಪೆಲ್ಲರ್ ಬದಲಿಸುತ್ತಾರೆ. ಇಂಪೆಲ್ಲರ್ ಅಂದರೆ ರಬ್ಬರಿನ ರೆಕ್ಕೆಚಕ್ರ. ಮರಳು ತಿಂದು ತಿಂದು ಸವೆದರೆ ನೀರು ಮೇಲಕ್ಕೆ ಹೋಗುವುದಿಲ್ಲ, ಎಂಜಿನ್ ಕಾಯುತ್ತದೆ. “ಅಣ್ಣ, ಬರೆದದ್ದು ಎಲ್ಲ ಉಂಟಲ್ಲ, ನೋಡಿ ಹೇಳಿ” ಅಂದರು. ಒಂದು ಸಂಜೆಯ ಕೆಲಸ ಅಂದುಕೊಂಡೆ. ಮೂರು ವಾರ ಹಿಡಿಯಿತು.

ಮೊದಲ ದಿನವೇ ಎಡವಿದೆ. ಪ್ರಶ್ನೆ ಹೀಗಿತ್ತು: ಶಾಫ್ಟಿನ ಹಲ್ಲುಗಳಿಗೆ ಗ್ರೀಸ್ ಹಾಕಿದ್ದಾರಾ? ಕಡತದಲ್ಲಿ ‘ಗ್ರೀಸ್’ ಹುಡುಕಿದೆ. ಒಂದೂ ಸಿಗಲಿಲ್ಲ. “ಹಾಕಿಲ್ಲ” ಎಂದು ಬರೆದುಕೊಟ್ಟೆ. ನಾಲ್ಕು ದಿನದ ನಂತರ ಬೇರೆ ಏನೋ ಹುಡುಕುವಾಗ 17ನೇ ನಿಮಿಷದಲ್ಲಿ ಈ ಸಾಲು ಕಣ್ಣಿಗೆ ಬಿತ್ತು: “ಆಗ ಹಚ್ಚಿದ್ದನ್ನು ಒರೆಸ್ಬೇಡಿ, ತಲೆ ಮೇಲೆ ಮಾತ್ರ ಬೇಡ”. ಹಲ್ಲುಗಳ ಬದಿಗೆ ಗ್ರೀಸ್ ಹಚ್ಚುವುದು, ಶಾಫ್ಟಿನ ತುದಿಯ ಮೇಲೆ ಮೆತ್ತದೆ ಬಿಡುವುದು ಈ ಕೆಲಸದಲ್ಲಿ ಎಲ್ಲರೂ ಪಾಲಿಸುವ ಕ್ರಮ. ತುದಿಯಲ್ಲಿ ಗ್ರೀಸ್ ತುಂಬಿದರೆ ಅದು ಮೇಲಿನ ಗುಂಡಿಯಲ್ಲಿ ಸಿಕ್ಕಿಕೊಂಡು ಶಾಫ್ಟನ್ನು ಪೂರ್ತಿ ಕೂರಲು ಬಿಡುವುದಿಲ್ಲ. ಹಾಗಾದರೆ ಮಾವ ಗ್ರೀಸ್ ಹಚ್ಚಿದ್ದರು, ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೇ. ಕೈ ಮಾಡಿದ ಕೆಲಸವನ್ನು ಬಾಯಿ ಯಾಕೆ ಹೇಳಬೇಕು? ಎದುರಿಗೆ ಕ್ಯಾಮೆರಾ ಇತ್ತಲ್ಲ.

ಅಲ್ಲಿಂದ ನನ್ನ ಕೆಲಸ ತಿರುಗಿತು. ಏನು ಹೇಳಿದ್ದಾರೆ ಎಂದು ಹುಡುಕುವ ಮೊದಲು, ಎಲ್ಲೆಲ್ಲಿ ಬಾಯಿ ಸುಮ್ಮನಿದ್ದು ಕೈ ಕೆಲಸ ಮಾಡಿದೆ ಎಂದು ಗುರುತು ಹಾಕಬೇಕು. ಆ ಜಾಗಗಳ ಬಗ್ಗೆ ‘ಇಲ್ಲ’ ಎಂಬ ಉತ್ತರ ಕೊಡಲೇಬಾರದು.

ಮೌನ ಹುಡುಕುವುದು ಸುಲಭ ಅನ್ನಿಸಿತು. ಒಂದು ಸಾಲು ಮುಗಿದ ಹೊತ್ತಿಗೂ ಮುಂದಿನ ಸಾಲು ಶುರುವಾದ ಹೊತ್ತಿಗೂ ನಡುವೆ ನಾಲ್ಕು ಸೆಕೆಂಡಿಗಿಂತ ಹೆಚ್ಚಿದ್ದರೆ ಗುರುತು ಹಾಕು, ಅಂತ ಪೈಥಾನಿನಲ್ಲಿ ಬರೆದೆ. ಹದಿನೆಂಟು ನಿಮಿಷದ ವಿಡಿಯೊದಲ್ಲಿ ಸಿಕ್ಕಿದ್ದು ಎರಡೇ ಜಾಗ. ನನ್ನ ಮಾವ ಹಾಗೆ ಎಡೆಬಿಡದೆ ಮಾತಾಡುವ ಜನವೇ ಅಲ್ಲ. ಕಡತವನ್ನು ಕಣ್ಣಲ್ಲೇ ಓದಿದಾಗ ಕಾರಣ ಗೊತ್ತಾಯಿತು:

```
187
00:12:33,000 --> 00:12:38,000
ಇದ್ನ ಹೀಗೆ ತಿರುಗಿಸ್ತಾ ಒತ್ತಿ, ಹಾಂ, ಇಷ್ಟೇ

188
00:12:38,000 --> 00:13:07,000
ಈಗ ಕೂತಿತು

189
00:13:07,000 --> 00:13:11,000
ಅಯ್ಯೋ, ಕೀ ಇಲ್ಲೇ ಉಳಿದಿದೆ

190
00:13:11,000 --> 00:13:38,000
ಹಾಂ
```

188 ನೋಡಿ. ‘ಈಗ ಕೂತಿತು’ ಎನ್ನಲು 29 ಸೆಕೆಂಡ್. ವಿಸ್ಪರ್ ಸಾಲಿನ ಕೊನೆಯನ್ನು ಮಾತು ನಿಂತಲ್ಲಿ ಕತ್ತರಿಸದೆ, ಮುಂದಿನ ಮಾತಿನವರೆಗೆ ಎಳೆದು ಅಂಟಿಸಿಬಿಡುವುದುಂಟು. ಪದ ಪದಕ್ಕೂ ಹೊತ್ತು ಹಾಕಿಸುವ `--word_timestamps True` ಎಂಬ ಆಯ್ಕೆ ಇದೆ, ಆವಾಗ ಅದನ್ನು ಕೊಟ್ಟಿದ್ದರೆ ಈ ತೊಂದರೆ ಬಹಳ ಕಡಿಮೆ ಇರುತ್ತಿತ್ತು. ಕೊಟ್ಟಿರಲಿಲ್ಲ. ಧ್ವನಿ ಈಗ ಇಲ್ಲ. ಆದ್ದರಿಂದ ಮೌನ ಸಾಲುಗಳ ನಡುವೆ ಅಲ್ಲ, ಸಾಲುಗಳ ಹೊಟ್ಟೆಯೊಳಗೇ ಅಡಗಿತ್ತು.

ಹೊರಗೆಳೆಯುವ ದಾರಿ ಅಕ್ಷರ ಎಣಿಸುವುದು. ಸೆಕೆಂಡಿಗೆ ಎಷ್ಟು ಅಕ್ಷರ ಆಡಿದ್ದಾರೆಂದು ಲೆಕ್ಕ ಹಾಕಿದರೆ ಮೌನ ತಾನಾಗಿ ತೋರುತ್ತದೆ. ಕನ್ನಡದಲ್ಲಿ `len()` ಕೊಡುವ ಸಂಖ್ಯೆ ಅಕ್ಷರದ ಸಂಖ್ಯೆ ಅಲ್ಲ, ಕಾಗುಣಿತದ ಗುರುತು, ಒತ್ತು ಎಲ್ಲವನ್ನೂ ಬೇರೆ ಬೇರೆ ಎಣಿಸುತ್ತದೆ. ಸ್ವರ ಮತ್ತು ವ್ಯಂಜನಗಳನ್ನು ಎಣಿಸಿ, ಅರ್ಧಾಕ್ಷರದ ಗುರುತುಗಳನ್ನು ಕಳೆದರೆ ಸಾಕು:

```python
def akshara(s):
    n = sum("\u0c85" <= c <= "\u0cb9" for c in s)
    return n - s.count("\u0ccd")

for start, end, text in rows:
    rate = akshara(text) / (end - start)
    if rate < 1.5:
        print(start, end, round(rate, 2), text)
```

ಮಾವ ಮಾತಾಡುತ್ತಿರುವಾಗ ಸೆಕೆಂಡಿಗೆ ಸುಮಾರು ಐದು ಅಕ್ಷರ ಬರುತ್ತದೆ, ಕೈಯಾಡಿಸುತ್ತಾ ಮಾತಾಡಿದರೆ ಎರಡೂವರೆ. ಒಂದೂವರೆಗಿಂತ ಕೆಳಗಿನದನ್ನು ಗುರುತು ಹಾಕಿದೆ. 188ರಲ್ಲಿ ಐದು ಅಕ್ಷರ, 29 ಸೆಕೆಂಡ್, ಅಂದರೆ 0.17. ಆ ಸಾಲಿನಲ್ಲಿ ಒಂದು ಸೆಕೆಂಡ್ ಮಾತು, 28 ಸೆಕೆಂಡ್ ಕೆಲಸ. ಎರಡು ಜಾಗ ಇದ್ದದ್ದು 23 ಆಯಿತು.

ಇದರ ಮಿತಿಯನ್ನೂ ಹೇಳಬೇಕು. ಆ ಒಂದು ಸೆಕೆಂಡ್ ಮಾತು 29ರಲ್ಲಿ ಎಲ್ಲಿ ಬಂತೆಂದು ಈ ಲೆಕ್ಕ ಹೇಳುವುದಿಲ್ಲ. ‘ಈಗ ಕೂತಿತು’ ಶುರುವಿನಲ್ಲೇ ಬಂದಿದ್ದರೆ, ಒತ್ತಿದ ಕೂಡಲೇ ಪಂಪಿನ ಮುಚ್ಚಳ ಕೂತಿದೆ, ಉಳಿದ ಹೊತ್ತು ಬೋಲ್ಟ್ ಬಿಗಿದಿರಬಹುದು. ಕೊನೆಯಲ್ಲಿ ಬಂದಿದ್ದರೆ, ಅರ್ಧ ನಿಮಿಷ ಒದ್ದಾಡಿದ ಮೇಲೆ ಕೂತಿದೆ. “ಸಲೀಸಾಗಿ ಕೂರ್ತದಾ?” ಎಂದು ಕೇಳಿದ ಹುಡುಗನಿಗೆ ಈ ಎರಡೂ ಒಂದೇ ಅಲ್ಲ.

ಇನ್ನೊಂದು ಬಗೆಯ ಸುಳ್ಳು ಸಾಲುಗಳೂ ಇದ್ದವು. ನಾಲ್ಕನೇ ನಿಮಿಷದಲ್ಲಿ, ಗೇರ್ ಎಣ್ಣೆ ಬಸಿಯುತ್ತಿರುವಾಗ, “ಧನ್ಯವಾದಗಳು”. ಮಾವ ಜನ್ಮದಲ್ಲಿ ಆ ಪದ ಬಳಸಿದವರಲ್ಲ. ಮಾತಿಲ್ಲದ ಸದ್ದನ್ನು ಕೊಟ್ಟರೆ ವಿಸ್ಪರ್ ಏನಾದರೊಂದು ಬರೆದುಬಿಡುವುದು ಅದರ ಗೊತ್ತಿರುವ ದೋಷ. `.json` ಕಡತದಲ್ಲಿ ಆ ಸಾಲಿನ `no_speech_prob`, ಅಂದರೆ ಅಲ್ಲಿ ಮಾತೇ ಇಲ್ಲದಿರುವ ಸಂಭವ, 0.81 ಇತ್ತು. 0.6 ದಾಟಿದರೆ ಬಿಟ್ಟುಬಿಡಬೇಕಲ್ಲ ಎಂದು ತಲೆ ಕೆರೆದುಕೊಂಡೆ. ಅದರ ನಿಯಮ ಅಷ್ಟು ನೇರ ಇಲ್ಲ: 0.6 ದಾಟಿರಬೇಕು, ಜೊತೆಗೆ ತಾನು ಬರೆದದ್ದರ ಮೇಲೆ ಅದಕ್ಕಿರುವ ಭರವಸೆಯ ಅಂಕಿ `avg_logprob` -1.0ಕ್ಕಿಂತ ಕೆಳಗೂ ಇರಬೇಕು, ಆಗ ಮಾತ್ರ ಸಾಲು ಹೊರಗೆ ಬೀಳುತ್ತದೆ. ಈ ಸಾಲಿಗೆ ಅದು -0.6. ಸುಳ್ಳನ್ನು ಧೈರ್ಯದಿಂದ ಹೇಳಿದ್ದರಿಂದ ಪಾಸಾಯಿತು, ನಮ್ಮಲ್ಲಿ ಆಗುವ ಹಾಗೆಯೇ. 0.6 ದಾಟಿದ ಸಾಲುಗಳನ್ನೆಲ್ಲ ನಾನು ಪ್ರತ್ಯೇಕ ಬಣ್ಣದಲ್ಲಿ ಇಟ್ಟೆ, ಅಳಿಸಲಿಲ್ಲ. ಆ ಅಂಕಿ 30 ಸೆಕೆಂಡಿನ ಒಂದೊಂದು ತುಂಡಿಗೆ ಬರುವುದು, ಆ ತುಂಡಿನ ಎಲ್ಲ ಸಾಲಿಗೂ ಒಂದೇ. ಕಣ್ಣುಮುಚ್ಚಿ ಅಳಿಸಿದರೆ ನಿಜವಾದ ಮಾತೂ ಹೋಗಬಹುದು.

ಎರಡನೇ ಗುರುತು, ತೋರು ಪದಗಳಿಗೆ. ಇದು, ಇಲ್ಲಿ, ಹೀಗೆ, ಇಷ್ಟು. ಈ ಪದ ಬಂದಲ್ಲಿ ಅರ್ಥ ಬೆರಳ ತುದಿಯಲ್ಲಿದೆ, ಬೆರಳು ವಿಡಿಯೊ ಜೊತೆ ಸಮುದ್ರಕ್ಕೆ ಹೋಗಿದೆ. ಇವನ್ನು ಹುಡುಕುವುದರಲ್ಲಿ ಕನ್ನಡದ ಲಿಪಿ ನನ್ನನ್ನು ಚೆನ್ನಾಗಿ ಆಟವಾಡಿಸಿತು. `ಇದ` ಎಂದು ಹುಡುಕಿದರೆ ಇದು, ಇದನ್ನು, ಇದಕ್ಕೆ ಎಲ್ಲ ಸಿಗುತ್ತವೆ ಎಂದುಕೊಂಡರೆ, ‘ಇದೆ’, ‘ಇದ್ದರೆ’ ಕೂಡ ಸಾಲುಸಾಲಾಗಿ ಬಂದವು. ಕಂಪ್ಯೂಟರಿಗೆ ‘ದೆ’ ಅಂದರೆ ‘ದ’ ಆದಮೇಲೆ ಒಂದು ಎತ್ವ, ಹಾಗಾಗಿ ‘ಇದ’ ಅದರೊಳಗೂ ಇದೆ. ಒತ್ತಕ್ಷರವನ್ನೆಲ್ಲ ಬಿಟ್ಟುಬಿಡೋಣವೆಂದರೆ, ನಮ್ಮ ಕಡೆಯ ಬಾಯಿಮಾತಿನ ‘ಇದ್ನ’ವೂ ಹೋಗುತ್ತದೆ. ಪದದ ಗಡಿ ಗುರುತಿಸುವ `\b` ಕೂಡ ಇಲ್ಲಿ ನಂಬಿಕೆಗೆ ಯೋಗ್ಯವಲ್ಲ. ಪೈಥಾನಿನ `re` ಕನ್ನಡದ ಕಾಗುಣಿತದ ಗುರುತುಗಳನ್ನು ಅಕ್ಷರವೆಂದು ಲೆಕ್ಕಿಸದೆ, ಪದದ ನಡುವೆಯೇ ಗಡಿ ಕಾಣುತ್ತದೆ. ಕೊನೆಗೆ ಖಾಲಿ ಜಾಗದಲ್ಲಿ ಒಡೆದು, ಪ್ರತಿ ಪದದ ಆರಂಭವನ್ನು ಮಾತ್ರ ನೋಡಿದೆ:

```python
import re, unicodedata
TORU = re.compile(
    "ಇದ(?!ೆ|್ದ|್ರೆ)|ಇಲ್ಲಿ|ಇಲ್ಲೇ|ಹೀಗ|ಇಷ್ಟ|ಈ$"
    "|ಉಂದು|ಮುಲ್ಪ|ತೂಲೆ|ಇಂಚ(?!ು|ಿ)")

def toru(s):
    s = unicodedata.normalize("NFC", s)
    return [w for w in s.split() if TORU.match(w)]
```

`NFC` ಸಾಲು ಯಾಕೆಂದರೆ ‘ಇದೇ’ ಎಂಬುದನ್ನು ಎರಡು ರೀತಿ ಬರೆದಿಡಬಹುದು. ದೀರ್ಘ ಬಿಡಿಯಾಗಿ ಕೂತ ರೂಪ ಬಂದರೆ ಅದು ‘ಇದೆ’ಯಂತೆ ಕಂಡು ತಪ್ಪಿಹೋಗುತ್ತದೆ.

ಕೆಳಗಿನ ಸಾಲಿನಲ್ಲಿರುವವು ತುಳು. ಮಾವ ಕನ್ನಡದಲ್ಲಿ ಶುರುಮಾಡುತ್ತಾರೆ, ಕೆಲಸ ಕಷ್ಟವಾದ ಕೂಡಲೇ ತುಳುವಿಗೆ ಹೋಗುತ್ತಾರೆ. ಅಂದರೆ ಮುಖ್ಯವಾದ ಜಾಗದಲ್ಲೇ ತುಳು. ವಿಸ್ಪರ್ ಕಲಿತ ಭಾಷೆಗಳಲ್ಲಿ ಕನ್ನಡ ಇದೆ, ತುಳು ಇಲ್ಲ. ಅದು ಕೇಳಿದ್ದನ್ನು ಕನ್ನಡದ ಹಾಗೆ ಮಾಡಿ ಬರೆಯುತ್ತದೆ. “ಮುಲ್ಪ ದೀಲೆ”, ಅಂದರೆ ‘ಇಲ್ಲಿ ಇಡಿ’, ಎಂಬುದು ನನ್ನ ಕಡತದಲ್ಲಿ “ಮಲ್ಪೆ ದಿಲ್ಲಿ” ಆಗಿತ್ತು. ಬೋಲ್ಟ್ ಇಡುವುದು ಮಲ್ಪೆಯಲ್ಲೋ ದಿಲ್ಲಿಯಲ್ಲೋ ಎಂದು ಹುಡುಗರು ಒಂದು ವಾರ ನಕ್ಕರು. ಇಂಥವನ್ನು ಕೈಯಲ್ಲೇ ತಿದ್ದಬೇಕಾಯಿತು. ‘ಇಂಚ’ ಅಂದರೆ ತುಳುವಿನಲ್ಲಿ ‘ಹೀಗೆ’. ಅದನ್ನು ಸೇರಿಸಿದ ಕೂಡಲೇ ‘ಅರ್ಧ ಇಂಚು’, ‘ಇಂಚಿನ ಸ್ಪ್ಯಾನರ್’ ಎಲ್ಲ ಸಿಕ್ಕಿಬಿದ್ದವು, ಅದಕ್ಕೇ ಕೊನೆಯಲ್ಲಿ ಆ ಬೇಲಿ.

ಈಗ ಪ್ರಶ್ನೆಯ ಒಂದು ಪದ ಕೊಟ್ಟರೆ, ಅದು ಬಂದ ಸಾಲಿನ ಹಿಂದೆ ಮುಂದೆ ಮೂವತ್ತು ಸೆಕೆಂಡಿನ ಸಾಲುಗಳು ಎರಡೂ ಗುರುತುಗಳೊಂದಿಗೆ ಬರುತ್ತವೆ. ಉತ್ತರ ಬರೆಯುವುದು ನಾನೇ, ಮೂರು ಖಾನೆಯಲ್ಲಿ: ಆಡಿದ್ದು, ಊಹಿಸಿದ್ದು, ಕಾಣದ್ದು. ಆಡಿದ್ದರಲ್ಲಿ ಸಾಲನ್ನು ಹೊತ್ತಿನೊಂದಿಗೆ ಹಾಗೆಯೇ ಎತ್ತಿಡಬೇಕು. ಊಹೆಗೆ ಯಾವ ಸಾಲಿನಿಂದ ಊಹಿಸಿದೆ ಎಂದು ಬರೆಯಲೇಬೇಕು.

ಮೇಲಿನ ನಾಲ್ಕು ಸಾಲನ್ನೇ ತೆಗೆದುಕೊಳ್ಳಿ. ಅದರ ಮೇಲೆ ಎರಡು ಪ್ರಶ್ನೆ ಇದ್ದವು. ಮೊದಲನೆಯದು: “ಶಾಫ್ಟ್ ಎಂತ ಬಲಕ್ಕೆ ತಿರುಗಿಸುದಾ, ಎಡಕ್ಕಾ?” ತಪ್ಪು ದಿಕ್ಕಿಗೆ ತಿರುಗಿಸಿ ಒತ್ತಿದರೆ ರಬ್ಬರ್ ರೆಕ್ಕೆಗಳು ಉಲ್ಟಾ ಮಡಚಿ ಕೂರುತ್ತವೆ. 187ರಲ್ಲಿ ಐದು ಸೆಕೆಂಡಿನೊಳಗೆ ಮೂರು ತೋರು ಪದ: ಇದ್ನ, ಹೀಗೆ, ಇಷ್ಟೇ. ಆಡಿದ್ದು: ತಿರುಗಿಸುತ್ತಾ ಒತ್ತಬೇಕು. ಕಾಣದ್ದು: ದಿಕ್ಕು, ಎಷ್ಟು ಸುತ್ತು. ಇಲ್ಲಿ ಊಹೆಯ ಖಾನೆ ಖಾಲಿ, ಯಾಕೆಂದರೆ ಬೇರೆ ಯಾವ ಸಾಲೂ ದಿಕ್ಕಿನ ಸುಳಿವು ಕೊಡುವುದಿಲ್ಲ.

ಆದರೆ ಪ್ರಶ್ನೆಗೆ ಲೋಕದಲ್ಲಿ ಉತ್ತರ ಇದೆ. ಸಾಮಾನ್ಯ ಔಟ್‌ಬೋರ್ಡುಗಳಲ್ಲಿ ಈ ಶಾಫ್ಟ್ ಮೇಲಿನಿಂದ ನೋಡಿದರೆ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುತ್ತದೆ, ಜೋಡಿಸುವಾಗಲೂ ಅದೇ ದಿಕ್ಕಿಗೆ ತಿರುಗಿಸುತ್ತಾ ಒತ್ತುವುದು. ನಿಮ್ಮ ಎಂಜಿನ್ನಿನ ಕೈಪಿಡಿ ನೋಡಿ ಖಚಿತ ಮಾಡಿಕೊಳ್ಳಬೇಕು. ಇದನ್ನು ಹುಡುಗನಿಗೆ ಹೇಳಿದೆ, ಆದರೆ ಕೆಳಗೆ ಬೇರೆಯೇ ಸಾಲಿನಲ್ಲಿ ‘ಇದು ಕೈಪಿಡಿಯ ಮಾತು, ವಿಡಿಯೊದ್ದಲ್ಲ’ ಎಂದು ಬರೆದು. ಎರಡನ್ನೂ ಬೆರೆಸಿ “ಮಾವ ಗಡಿಯಾರದ ದಿಕ್ಕಿಗೆ ತಿರುಗಿಸಿದರು” ಎಂದು ಬರೆದರೆ ಓದಲು ಚೆಂದ. ಆದರೆ ನಾನು ನೋಡದ್ದನ್ನು ನೋಡಿದೆ ಎಂದ ಹಾಗಾಯಿತು. ಒಂದು ವೇಳೆ ಮಾವ ಆ ದಿನ ಬೇರೆ ರೀತಿ ಮಾಡಿದ್ದರೆ, ಅದಕ್ಕೊಂದು ಕಾರಣ ಇದ್ದಿದ್ದರೆ, ಆ ಕಾರಣ ಕೇಳುವ ಅವಕಾಶವೇ ಮುಚ್ಚಿಹೋಗುತ್ತದೆ.

ದಿಕ್ಕನ್ನು ಬಾಯಲ್ಲಿ ಹೇಳಿದ್ದರೂ ಪೂರ್ತಿ ನಂಬುವ ಹಾಗಿಲ್ಲ. ಒಂಬತ್ತನೇ ನಿಮಿಷದಲ್ಲಿ “ಬಲಗಡೆ ಬೋಲ್ಟ್ ಉದ್ದದ್ದು” ಎಂದಿದ್ದಾರೆ. ಯಾರ ಬಲ? ಗೇರ್ ಕೇಸ್ ಮೇಜಿನ ಮೇಲೆ ಮಲಗಿದೆ, ಮಾವ ಒಂದು ಬದಿ, ಕ್ಯಾಮೆರಾ ಎದುರು ಬದಿ. ಅದನ್ನೂ ‘ಆಡಿದ್ದು’ ಖಾನೆಗೆ ಹಾಕಿ, ಪಕ್ಕದಲ್ಲಿ ‘ಯಾರ ಬಲವೆಂದು ಕಾಣದು’ ಎಂದು ಬರೆದೆ. ಹುಡುಗರು ಎರಡೂ ಬೋಲ್ಟ್ ಹಾಕಿ ನೋಡಿದರು. ಉದ್ದದ್ದು ಒಂದೇ ತೂತಿಗೆ ಸರಿ ಹೋಗುತ್ತದೆ, ಅಲ್ಲಿಗೆ ಮುಗಿಯಿತು.

ಎರಡನೇ ಪ್ರಶ್ನೆ: “ಕೀ ಹಾಕಿದ್ದು ಯಾವಾಗ?” ಕೀ ಅಂದರೆ ಶಾಫ್ಟಿನ ಕಚ್ಚಿನಲ್ಲಿ ಕೂರುವ ಚಿಕ್ಕ ಲೋಹದ ತುಂಡು. ಶಾಫ್ಟ್ ತಿರುಗಿದಾಗ ಇಂಪೆಲ್ಲರನ್ನೂ ಜೊತೆಗೆ ತಿರುಗಿಸುವುದು ಅದೇ. 189ನ್ನು ಮಾತ್ರ ಓದಿದರೆ ಚಿತ್ರ ಸ್ಪಷ್ಟ ಅನ್ನಿಸುತ್ತದೆ: ಕೀ ಮರೆತು ಮುಚ್ಚಳ ಕೂರಿಸಿದರು, ಮೇಜಿನ ಮೇಲೆ ಕಂಡಿತು, ಬಿಚ್ಚಿ ಮತ್ತೆ ಹಾಕಿದರು. 190ರಲ್ಲಿ ಎರಡೇ ಸೆಕೆಂಡಿನ ಮಾತೂ ಇಲ್ಲದ 27 ಸೆಕೆಂಡ್ ಇದಕ್ಕೆ ಹೊಂದುತ್ತದೆ. ಹಾಗಿದ್ದರೆ 187ರ ಕೆಲಸ ಎರಡು ಸಲ ಆಗಿದೆ, ಬರಹದಲ್ಲಿ ಒಂದೇ ಸಲ. ಬರಹದ ಕ್ರಮವನ್ನೇ ಕೆಲಸದ ಕ್ರಮವೆಂದು ತಿಳಿದು ಯಾರಾದರೂ ಮಾಡಿದರೆ, ಮುಚ್ಚಳ ಕೂರಿಸಿದ ಮೇಲೆ ಕೀ ಹಾಕಲು ಹುಡುಕುತ್ತಾ ಕೂರುತ್ತಾರೆ. ಕೀ ಮೊದಲು, ಅದರ ಮೇಲೆ ಇಂಪೆಲ್ಲರ್, ಆಮೇಲೆ ಮುಚ್ಚಳ.

ಶೆಡ್ಡಿನ ಹಿರಿಯ ಹುಡುಗ ಒಂದು ಮಾತು ಹೇಳಿ ಇದನ್ನೆಲ್ಲ ಅಲ್ಲಾಡಿಸಿದ. “ಅಣ್ಣ, ನಾವು ಅಲೆನ್ ಕೀಗೂ ಕೀ ಅಂತಲೇ ಹೇಳುದು.” ಹೌದಲ್ಲ ಮಾರಾಯ. ಬೋಲ್ಟ್ ಬಿಗಿಯಲು ಹೊರಟು, ಅಲೆನ್ ಕೀ ಇಲ್ಲೇ ಬಿದ್ದಿದೆ ಎಂದಿರಬಹುದು. ಆಗ 27 ಸೆಕೆಂಡಿನ ಮೌನ ಬಿಗಿಯುವ ಕೆಲಸ, ಬಿಚ್ಚುವ ಕೆಲಸವೇ ಅಲ್ಲ. ಒಂದೇ ಸಾಲು, ಒಂದೇ ಮೌನ, ಎರಡು ಬೇರೆ ಬೇರೆ ಘಟನೆ.

ತೂಗಿ ನೋಡಲು ಏನಿದೆ? ‘ಅಯ್ಯೋ’ ಇದೆ. ಸಲಕರಣೆ ಮೇಜಿನ ಮೇಲಿದ್ದರೆ ಯಾರೂ ಅಯ್ಯೋ ಅನ್ನುವುದಿಲ್ಲ. ಹದಿನಾರನೇ ನಿಮಿಷದಲ್ಲಿ “ಕೀ ಇಲ್ಲದಿದ್ರೆ ಶಾಫ್ಟ್ ಮಾತ್ರ ತಿರುಗ್ತದೆ, ನೀರು ಬರುದಿಲ್ಲ” ಎಂಬ ಸಾಲೂ ಇದೆ. ಆಗಷ್ಟೇ ಮರೆತವನ ಬಾಯಲ್ಲಿ ಬರುವ ಮಾತು ಅದು. ಆದರೆ ಪಾಠ ಹೇಳುವವನ ಬಾಯಲ್ಲೂ ಅದೇ ಮಾತು ಬರುತ್ತದೆ. ಊಹೆಯ ಖಾನೆಯಲ್ಲಿ ಇಂಪೆಲ್ಲರಿನ ಕೀ ಎಂದು ಬರೆದು, ಎರಡೂ ಆಧಾರ ಕೊಟ್ಟು, ಅಲೆನ್ ಕೀ ಸಾಧ್ಯತೆಯನ್ನೂ ಇಟ್ಟೆ.

ಒಟ್ಟು 31ರಲ್ಲಿ ಹನ್ನೊಂದು ನೇರವಾಗಿ ಆಡಿದ್ದವು, ಎಂಟು ಊಹೆ, ಹನ್ನೆರಡು ಕಾಣದವು. ನೇರವಾಗಿ ಸಿಕ್ಕಿದ್ದು ಹೆಚ್ಚಾಗಿ ‘ಯಾಕೆ’ ಪ್ರಶ್ನೆಗಳು. ಗೇರ್ ಎಣ್ಣೆಯನ್ನು ಕೆಳಗಿನ ತೂತಿನಿಂದ ತುಂಬಿಸುವುದು ಯಾಕೆ, ಎಂದರೆ ಗಾಳಿ ಮೇಲಿನ ತೂತಿನಿಂದ ಹೊರಗೆ ಹೋಗಲಿ ಎಂದು. ಕಾರಣವನ್ನು ಕೈಯಲ್ಲಿ ತೋರಿಸಲು ಆಗುವುದಿಲ್ಲವಲ್ಲ, ಬಾಯಿಯೇ ಬೇಕು. ಎಲ್ಲಿ, ಯಾವ ಕಡೆಗೆ, ಎಷ್ಟು ಬಿಗಿ ಎಂಬವು ಹೆಚ್ಚು ಕಡಿಮೆ ಎಲ್ಲ ಹೋದವು. ‘ಎಷ್ಟು’ ಕೆಲವೊಮ್ಮೆ ಅರ್ಧ ಸಿಕ್ಕಿತು: ಹಳೇ ಇಂಪೆಲ್ಲರಿನ ಬಗ್ಗೆ “ಇದೊಂದು, ಇದೊಂದು, ಇದೂ ಹೋಗಿದೆ” ಎಂದಿದ್ದಾರೆ. ಮೂರು ರೆಕ್ಕೆ ಎಂದು ಬರೆಯಲು ಕೈ ಹೋಯಿತು. ಒಂದನ್ನೇ ಎರಡು ಸಲ ತೋರಿಸಿರಬಹುದು, ತೋರಿಸದೆ ಬಿಟ್ಟದ್ದೂ ಇರಬಹುದು. ‘ಮೂರು ಸಲ ಬೆರಳು ತೋರಿಸಿದ್ದಾರೆ’ ಎಂದಷ್ಟೇ ಬರೆದೆ.

ಕಾಣದ ಹನ್ನೆರಡನ್ನು ಹಿಡಿದು ಒಂದು ರಾತ್ರಿ ಮುಂಬೈಗೆ ಫೋನ್ ಮಾಡಿದೆ. ಮಾವ ಒಂದೂ ಬಿಡದೆ ಉತ್ತರ ಕೊಟ್ಟರು. ಕೇಳುತ್ತಾ ಹೋದಂತೆ ಗೊತ್ತಾಯಿತು, ಅವರು ಆ ದಿನ ಏನು ಮಾಡಿದರೆಂದು ಹೇಳುತ್ತಿಲ್ಲ, ಯಾವಾಗಲೂ ಏನು ಮಾಡುತ್ತಾರೆಂದು ಹೇಳುತ್ತಿದ್ದಾರೆ. ಕೆಲಸ ಕಲಿಯುವವರಿಗೆ ಅದೇ ಹೆಚ್ಚು ಉಪಯೋಗ. ಆದರೆ ಅದು ವಿಡಿಯೊದ ಉತ್ತರ ಅಲ್ಲ, ಆದ್ದರಿಂದ ನಾಲ್ಕನೇ ಖಾನೆ ಬಂತು: ‘ಫೋನಿನಲ್ಲಿ ಹೇಳಿದ್ದು’.

ಕೊನೆಗೆ ಕೀ ವಿಷಯ ಕೇಳಿದೆ. ಒಂದು ಕ್ಷಣ ಆಚೆ ಕಡೆ ಸದ್ದಿಲ್ಲ.

“ನಾನು ಕೀ ಮರೆಯುವ ಜನವಾ?” ಅಂದರು.

“ಅಯ್ಯೋ ಅಂದಿದ್ದೀರಿ ಮಾವ, 13 ನಿಮಿಷ 7 ಸೆಕೆಂಡಿಗೆ.”

“ಸೊಳ್ಳೆ ಕಚ್ಚಿರಬಹುದು.”

ನೋಟ್‌ಬುಕ್ಕಿನಲ್ಲಿ ಆ ಪ್ರಶ್ನೆಯ ಎದುರು ಈಗ ನಾಲ್ಕೂ ಖಾನೆ ತುಂಬಿವೆ. ಊಹಿಸಿದ್ದು: ಮರೆತಿದ್ದರು. ಫೋನಿನಲ್ಲಿ ಹೇಳಿದ್ದು: ಮರೆತಿಲ್ಲ, ಸೊಳ್ಳೆ.